ಬಿಳಲು ನೆಲ ಮುಟ್ಟುವವರೆಗೆ

ತುಮಕೂರು, ಮಾಗಡಿ, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ ಊರಾಚೆಯ ತೋಪಿನ ಅಂಚಿನಲ್ಲೋ ಹಳೆಯ ಆಲದ ಮರವಿದ್ದರೆ ಅದರ ಬುಡದಲ್ಲಿ ನಾಲ್ಕಾರು ಕಲ್ಲುಗಳನ್ನು ನೆಟ್ಟಿರುವುದು ಸಾಮಾನ್ಯ. ಕೆತ್ತನೆ ಇಲ್ಲದ, ಮೊಳದುದ್ದದ ಕಲ್ಲುಗಳು. ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದು, ಅರಿಸಿನ ಕುಂಕುಮ ಇಟ್ಟಿರುತ್ತಾರೆ. ಪಕ್ಕದಲ್ಲೊಂದು ಕಬ್ಬಿಣದ ತ್ರಿಶೂಲ, ಅದರ ಮೊನೆಗೆ ಒಣಗಿದ ನಿಂಬೆಹಣ್ಣು. ಅದು ಮುನಿಯಪ್ಪನ ಜಾಗ. ಮುನೇಶ್ವರ, ಮುನಿಸ್ವಾಮಿ ಎಂದೂ ಕರೆಯುತ್ತಾರೆ. ಎಷ್ಟೋ ಊರುಗಳಲ್ಲಿ ಅವನಿಗೆ ಗುಡಿ ಇಲ್ಲ, ದಿನದ ಪೂಜೆಯೂ ಇಲ್ಲ. ವರ್ಷಕ್ಕೊಮ್ಮೆ ಕೋಳಿ ಕೊಯ್ದು ಎಡೆ ಇಡುತ್ತಾರೆ. ಹರಕೆ ಹೊತ್ತವರು ಬೀಡಿ, ಸುರುಟು, ಸಾರಾಯಿ ಇಡುವುದೂ ಉಂಟು. ಮಲೆನಾಡಿಗೆ ಹೋದರೆ ಮರ ಕಾಯುವ ಈ ಕೆಲಸ ಚೌಡಿಯದು. ಕರಾವಳಿಯಲ್ಲಿ ನಾಗ ಮತ್ತು ಭೂತಗಳು ಬನ ಕಾಯುತ್ತವೆ.

ಮುನಿಯಪ್ಪ ಮರದ ಬುಡದಲ್ಲಲ್ಲ, ಮರದೊಳಗೇ ಇರುತ್ತಾನೆ ಎಂಬುದು ನಂಬಿಕೆ. ಈ ನಂಬಿಕೆಯನ್ನು ಮಕ್ಕಳ ಕಿವಿಗೆ ಹಾಕುವವರು ಪೂಜಾರಿಗಳಲ್ಲ, ಮನೆಯ ಅಜ್ಜಿಯರು. ಅವರು ಹೇಳುವುದು ಉಪದೇಶವಲ್ಲ, ಕಥೆ. ಹತ್ತು ನಿಮಿಷದಲ್ಲಿ ಮುಗಿಯುವ ಅಂಥ ಒಂದು ಕಥೆಯನ್ನು ನನ್ನಜ್ಜಿ ನಮಗೆ ಹೇಳುತ್ತಿದ್ದರು. ಅದರ ಒಳಗೆ ಆಲದ ಮರದ ಬಗ್ಗೆ ಎಷ್ಟು ಖಚಿತವಾದ ತಿಳಿವಳಿಕೆ ಅಡಗಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಮರಗಳ ಬಗ್ಗೆ ಓದತೊಡಗಿದ ಮೇಲೆ. ಆದ್ದರಿಂದ ಮೊದಲು ಕಥೆಯನ್ನು ಪೂರ್ತಿ ಹೇಳಿಬಿಡುತ್ತೇನೆ, ಆದಷ್ಟೂ ಅವರ ಮಾತಿನಲ್ಲೇ.

“ಒಂದೂರು. ಹೂಂ ಅನ್ನು ಮಗ, ಇಲ್ದಿದ್ರೆ ಕಥೆ ನಿಂತೋಯ್ತದೆ. ಒಂದೂರು. ಊರ ಮುಂದೆ ಕೆರೆ, ಕೆರೆ ಏರಿ ಮೇಲೆ ಒಂದು ಆಲದ ಮರ. ನಮ್ಮ ಏರಿ ಮೇಲೈತಲ್ಲ, ಅಂಥದೇ. ಆ ಮರದಾಗೆ ಮುನಿಯಪ್ಪ ಇದ್ದ. ಹಗಲೊತ್ತು ಎಲೆ ಮರೇಲಿ ಮಲಗೋನು. ಕತ್ತಲಾದ್ಮೇಲೆ ಬಿಳಲು ಹಿಡ್ಕೊಂಡು ಕೆಳಗಿಳಿಯೋನು. ಏರಿ ಮೇಲೆ ಒಂದು ಸುತ್ತು ಬಂದು, ತೂಬು ನೋಡಿ, ಗದ್ದೆ ಬಯಲು ನೋಡಿ, ಬೆಳಕು ಹರಿಯೋ ಹೊತ್ಗೆ ತಿರುಗಾ ಮರ ಹತ್ತೋನು.

ಆ ಊರಲ್ಲಿ ಒಬ್ಬಳು ಮುದುಕಿ. ಹಿಂದಿಲ್ಲ, ಮುಂದಿಲ್ಲ. ಆಲದೆಲೆ ಆಯ್ದು, ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ, ಅದನ್ನ ಮಾರಿ ಹೊಟ್ಟೆ ಹೊರ್ಕೊಳ್ಳೋಳು. ದಿವ್ಸಾ ಬೆಳಿಗ್ಗೆ ಮರದ ಕೆಳಗೆ ನಿಂತು, ‘ಮುನಿಯಪ್ಪಾ, ಇವತ್ತಿಗೆ ಒಂದು ಮಂಕರಿ ಎಲೆ, ಒಂದು ಹೊರೆ ಪುಳ್ಳೆ ತಗೊಂಡೋಯ್ತೀನಿ ಕಣಪ್ಪಾ’ ಅನ್ನೋಳು. ಮುನಿಯಪ್ಪ ಒಂದು ಕೊಂಬೆ ಅಲ್ಲಾಡ್ಸೋನು. ಮಂಕರಿ ತುಂಬೋಷ್ಟು ಎಲೆ ಉದುರೋವು. ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

ಅದೇ ಊರಲ್ಲಿ ಒಬ್ಬ ಸಾವ್ಕಾರ. ಸುಗ್ಗಿ ಮುಗೀತು, ದನದ ಜಾತ್ರೆ ಹತ್ತಿರ ಬಂತು. ಜಾತ್ರೇಲಿ ನೊಗಕ್ಕೆ ಒಳ್ಳೆ ಬೆಲೆ. ಸಾವ್ಕಾರ ಮರ ನೋಡ್ದ. ‘ಎಷ್ಟು ಬಿಳಲು ಸುಮ್ಮನೆ ನಿಂತವೆ! ಒಂದು ಬಿಳಲಿಗೆ ಎರಡು ನೊಗ’ ಅಂದ್ಕೊಂಡ. ಹೆಂಡ್ತಿ ಅಂದ್ಲು, ‘ಒಂದ್ಮಾತು ಕೇಳಿ ತಗೊಳ್ಳಿ ಅಂದ್ರೆ’. ‘ಯಾರನ್ನ ಕೇಳ್ಬೇಕು? ಮರ ಏನು ಬಾಯಿ ಬಿಡ್ತದಾ?’ ಅಂದ. ಹೋಗಿ ಒಂದು ಬಿಳಲು ಕಡ್ಕೊಂಡು ಬಂದ.

ಅವತ್ತು ರಾತ್ರಿ ಮುನಿಯಪ್ಪ ಕನಸಲ್ಲಿ ಬಂದ. ‘ಒಂದು ತಗೊಂಡೆ. ಮನೇಲಿ ನೊಗ ಮುರಿದಿತ್ತೇನೋ. ಇರಲಿ, ಸಾಕು’ ಅಂದ. ಮಾರ್ನೆ ದಿವ್ಸ ಸಾವ್ಕಾರ ಐದು ಕಡ್ದ. ರಾತ್ರಿ ಮುನಿಯಪ್ಪ ಬಂದು ಕೇಳ್ದ, ‘ಐದು ತಗೊಂಡಲ್ಲ, ನಿನ್ನ ಕೊಟ್ಟಿಗೇಲಿ ಎಷ್ಟು ಜೊತೆ ಎತ್ತು ಅವೆ?’ ಸಾವ್ಕಾರ ಕನಸಲ್ಲೂ ಉತ್ರ ಹೇಳ್ಲಿಲ್ಲ.

ಮೂರನೇ ದಿವ್ಸ ಗಾಡಿ ಕಟ್ಕೊಂಡು ಆಳು ಕರ್ಕೊಂಡು ಹೋದ. ಆಳುಗಳು ಮರ ನೋಡಿದ್ರು. ಕಡ್ದ ಕಡೇಲೆಲ್ಲ ಹಾಲು ಸುರೀತಾ ಐತೆ. ‘ನಾವು ಒಲ್ಲೆವು ಸಾವ್ಕಾರ್ರೇ’ ಅಂತ ಕೊಡಲಿ ಕೆಳಗಿಟ್ರು. ಸಾವ್ಕಾರ ತಾನೇ ಕೊಡಲಿ ಎತ್ಕೊಂಡ. ನೆಲಕ್ಕೂರಿದ್ದು ಕಡ್ದ, ನೆಲ ಮುಟ್ದೆ ಇನ್ನೂ ನೇತಾಡ್ತಿದ್ದ ಎಳೇವನ್ನೂ ಕಡ್ದ. ಹಾಲು ಕೊಡಲಿ ಮೇಲೆ ಇಳೀತು, ಕಾವಿನ ಮೇಲೆ ಇಳೀತು, ಕೈ ಮೇಲೆ ಇಳೀತು. ಒರೆಸ್ಕೊಳ್ಳೋಕೂ ಅವನಿಗೆ ಪುರುಸೊತ್ತಿಲ್ಲ. ಗಾಡಿ ತುಂಬ್ತು. ಕೊಡಲಿ ಕೆಳಗಿಡೋಣ ಅಂತ ನೋಡ್ತಾನೆ, ಕೈ ಬಿಡ್ತಿಲ್ಲ! ಕಾವು ಅಂಗೈಗೆ ಅಂಟ್ಕೊಂಡೈತೆ. ಎಳೆದ್ರು, ಎಣ್ಣೆ ಹಾಕಿದ್ರು, ಬಿಸಿನೀರು ಹುಯ್ದ್ರು. ಬಿಡ್ಲಿಲ್ಲ. ಉಣ್ಣೋಕೆ ಆಗ್ದು, ತೊಳ್ಕೊಳ್ಳೋಕೆ ಆಗ್ದು, ಮಲಗಿದ್ರೆ ಪಕ್ಕದಾಗೆ ಕೊಡಲಿ. ಹೆಂಡ್ತಿ ತುತ್ತು ಮಾಡಿ ಉಣ್ಸೋಳು. ಜಾತ್ರೆ ಬಂತು, ಹೋಯ್ತು. ಅವನ ನೊಗ ಒಂದೂ ಮಾರ್ಲಿಲ್ಲ. ಕೊಡಲಿ ಹಿಡ್ಕೊಂಡು ನಿಂತಿರೋನ ಹತ್ರ ಯಾರು ಯಾಪಾರಕ್ಕೆ ಬತ್ತಾರೆ?

ಕೊನೇಗೆ ಸಾವ್ಕಾರನ ಹೆಂಡ್ತಿ ಆ ಮುದುಕಿ ಹತ್ರ ಹೋದ್ಲು. ಮುದುಕಿ ಮರದ ಕೆಳಗೆ ನಿಂತು ಕೇಳಿದ್ಲು. ಮುನಿಯಪ್ಪ ಹೇಳ್ದ, ‘ಕೈ ಹಿಡ್ದಿರೋದು ನಾನಲ್ಲವ್ವ, ಮರ. ಅವನು ಕಡ್ದ ಜಾಗದಲ್ಲಿ ಹೊಸ ಬಿಳಲು ಬರ್ಲಿ. ಅದು ನೆಲ ಮುಟ್ಟಿದ ದಿವ್ಸ ಕೈ ಬಿಡ್ತದೆ.’

ಅವತ್ತಿಂದ ಸಾವ್ಕಾರ ಒಂದು ಕೈಲಿ ಕೊಡಲಿ, ಇನ್ನೊಂದು ಕೈಲಿ ಕೊಡ ಹಿಡ್ದು ಕೆರೆಯಿಂದ ನೀರು ಹೊತ್ತ. ಬೇಸಿಗೇಲೂ ಹೊತ್ತ. ಹೊಸ ಬಿಳಲು ಮೀಸೆ ಹಂಗೆ ಇಳೀತು, ದನ ಬಂದು ಮೇಯ್ದು ಹೋಯ್ತು. ಮತ್ತೆ ಬಂತು. ಮುದುಕಿ ಅಂದ್ಲು, ‘ಬಿದಿರು ಸೀಳಿ, ಒಳಗೆ ಮಣ್ಣು ತುಂಬಿ, ಬಿಳಲಿಗೆ ತೊಡ್ಸಿ ಕಟ್ಟಪ್ಪ’. ಕಟ್ದ. ಒಂದು ಮಳೆಗಾಲ ಹೋಯ್ತು, ಇನ್ನೊಂದು ಹೋಯ್ತು. ಮೂರ್ನೇದ್ರಲ್ಲಿ ಒಂದಿನ ಬೆಳಿಗ್ಗೆ ಬಿಳಲು ನೆಲ ಮುಟ್ತು. ಕೊಡಲಿ ಕೆಳಗೆ ಬಿತ್ತು. ಸಾವ್ಕಾರ ಅದನ್ನ ತಿರುಗಿ ನೋಡ್ಲಿಲ್ಲ. ಕೊಡ ಎತ್ಕೊಂಡು ಮತ್ತೆ ಕೆರೆಗಿಳಿದ. ಇನ್ನೂ ಬೇರೆ ಬಿಳಲು ಇದ್ವಲ್ಲ. ಅಲ್ಲಿಗೆ ಕಥೆ ಆಯ್ತು, ಮಲಕ್ಕೋ.”

ಕಥೆಯಲ್ಲಿ ಯಾರಿಗೂ ಹೆಸರಿಲ್ಲದಿರುವುದನ್ನು ಗಮನಿಸಬೇಕು. ಒಬ್ಬಳು ಮುದುಕಿ, ಒಬ್ಬ ಸಾವ್ಕಾರ, ಅವನ ಹೆಂಡತಿ. ಕನ್ನಡದ ಅಜ್ಜಿಕಥೆಗಳನ್ನು ದಶಕಗಳ ಕಾಲ ಸಂಗ್ರಹಿಸಿ ಅಭ್ಯಾಸ ಮಾಡಿದ ಎ.ಕೆ. ರಾಮಾನುಜನ್ ಅವರು ಮನೆಯೊಳಗೆ ಹೆಂಗಸರು ಹೇಳುವ ಕಥೆಗಳಲ್ಲಿ ಇದೊಂದು ಮುಖ್ಯ ಲಕ್ಷಣ ಎಂದು ಗುರುತಿಸಿದ್ದರು. ಅಲ್ಲಿ ಜನಕ್ಕೂ ಊರಿಗೂ ಹೆಸರಿರುವುದಿಲ್ಲ. ಊರ ಮುಂದೆ ಗಾಯಕರು ಹಾಡುವ ಕಾವ್ಯಗಳಲ್ಲಾದರೆ ವೀರನಿಗೆ ಹೆಸರು, ಕುಲ, ಊರು ಎಲ್ಲವೂ ಇರಬೇಕು. ಇನ್ನೊಂದು ಬದಿಯಲ್ಲಿ ಐತಿಹ್ಯಗಳಿವೆ. ಇಂಥ ಬಂಡೆ ಹೀಗೆ ಬಿರುಕು ಬಿಟ್ಟಿತು, ಇಂಥ ಕೆರೆಗೆ ಇಂಥವಳು ಹಾರವಾದಳು ಎಂದು ಅವು ನಮ್ಮ ಕಣ್ಣೆದುರಿನ ಜಾಗವನ್ನೇ ತೋರಿಸಿ ಹೇಳುತ್ತವೆ.

ಮುನಿಯಪ್ಪನ ಕಥೆ ಇವೆರಡರ ನಡುವೆ ನಿಂತಿದೆ. ಜನರಿಗೆ ಹೆಸರಿಲ್ಲ, ಆದರೆ ಮರಕ್ಕೆ ವಿಳಾಸ ಉಂಟು: “ನಮ್ಮ ಏರಿ ಮೇಲೈತಲ್ಲ, ಅಂಥದೇ.” ಆ ಒಂದೇ ಮಾತಿನಿಂದ ಕಥೆ ಕೇಳುವ ಮಗು ನಾಳೆ ಬೆಳಿಗ್ಗೆ ಹಾದುಹೋಗಬೇಕಾದ ಮರದ ಕೆಳಗೆ ಬಂದು ನಿಲ್ಲುತ್ತದೆ. ಸಾವ್ಕಾರ ಯಾರು ಎಂದು ಕೇಳಿದರೆ ಅಜ್ಜಿ ಯಾರನ್ನೂ ಬೆಟ್ಟು ಮಾಡಿ ತೋರಿಸುತ್ತಿರಲಿಲ್ಲ. ಹೆಸರು ಹೇಳಿಬಿಟ್ಟರೆ ತಪ್ಪು ಅವನೊಬ್ಬನದಾಗುತ್ತದೆ. ಹೆಸರಿಲ್ಲದ ಕಡೆ ಯಾರು ಬೇಕಾದರೂ ಸಾವ್ಕಾರ ಆಗಬಹುದು.

ಇನ್ನು ದುರಾಸೆಯ ಮಾತು. ಈ ಕಥೆ ಮರವನ್ನು ಮುಟ್ಟಬೇಡಿ ಎಂದು ಹೇಳುವುದಿಲ್ಲ. ಮುದುಕಿ ದಿನವೂ ಮರದಿಂದ ತೆಗೆದುಕೊಳ್ಳುತ್ತಾಳೆ, ಮುನಿಯಪ್ಪನೇ ಉದುರಿಸಿಕೊಡುತ್ತಾನೆ. ಹಳ್ಳಿಯಲ್ಲಿ ಆಲದ ಮರಕ್ಕೆ ಎಷ್ಟೊಂದು ಉಪಯೋಗ! ಎಲೆಯಿಂದ ಊಟದೆಲೆ, ಸೊಪ್ಪಿನಿಂದ ಆಡು ಕುರಿಗೆ ಮೇವು, ಬಿಳಲಿನ ಎಳೆ ತುದಿಯಿಂದ ಹಲ್ಲುಜ್ಜುವ ಕಡ್ಡಿ, ಒಣಗಿದ ಕಡ್ಡಿಯಿಂದ ಒಲೆಗೆ ಉರಿ, ಹೋಮಕ್ಕೆ ಸಮಿತ್ತು. ಇವೆಲ್ಲವೂ ಮರ ಮತ್ತೆ ಬೆಳೆಸಿಕೊಳ್ಳಬಲ್ಲ ಭಾಗಗಳು. ಸಾವ್ಕಾರನಿಗೂ ಮೊದಲ ದಿನ ಮಾಫಿ ಇದೆ. ಕೇಳದೆ ಕಡಿದದ್ದು ತಪ್ಪಾದರೂ ಮನೆಯಲ್ಲಿ ನೊಗ ಮುರಿದಿರಬಹುದು ಎಂದು ಮುನಿಯಪ್ಪ ತಾನೇ ಅವನ ಪರವಾಗಿ ಒಂದು ಕಾರಣ ಹುಡುಕುತ್ತಾನೆ. ಎರಡನೇ ರಾತ್ರಿಯ ಪ್ರಶ್ನೆಯೇ ಕಥೆಯ ನಡುಗಂಬ: ಕೊಟ್ಟಿಗೆಯಲ್ಲಿ ಎಷ್ಟು ಜೊತೆ ಎತ್ತುಗಳಿವೆ? ದುರಾಸೆಗೆ ಇಷ್ಟು ಲೆಕ್ಕಾಚಾರದ ಅಳತೆಗೋಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಎತ್ತುಗಳ ಸಂಖ್ಯೆಗೂ ನೊಗಗಳ ಸಂಖ್ಯೆಗೂ ನಡುವಿನ ಅಂತರ ಎಷ್ಟೋ ತಪ್ಪು ಅಷ್ಟು.

ಸಾವ್ಕಾರ ಬಿಳಲಿಗೇ ಯಾಕೆ ಕೈ ಹಾಕಿದ? ಆಲದ ಕಾಂಡದ ಮರ ಮೆದು. ತೊಲೆಗೆ, ಬಾಗಿಲಿಗೆ ಅದನ್ನು ಯಾರೂ ಬಯಸುವುದಿಲ್ಲ. ನೀರಿನಲ್ಲಿ ಮಾತ್ರ ಬಾಳಿಕೆ ಬರುತ್ತದೆಂದು ಹಿಂದೆ ಬಾವಿಯ ತಳಕ್ಕೆ ಬಳಸುತ್ತಿದ್ದರು. ಆದರೆ ನೆಲಕ್ಕಿಳಿದು ಬಲಿತ ಬಿಳಲಿನ ಮರ ಕಾಂಡಕ್ಕಿಂತ ಗಟ್ಟಿ, ಬಾಗುವ ಗುಣವೂ ಹೆಚ್ಚು. ಗುಡಾರದ ಕಂಬಕ್ಕೆ, ಅಡ್ಡೆಗೆ, ಗಾಡಿಯ ನೊಗಕ್ಕೆ ಅದನ್ನು ಉಪಯೋಗಿಸುತ್ತಿದ್ದುದನ್ನು ಹಳೆಯ ಅರಣ್ಯ ಗ್ರಂಥಗಳು ದಾಖಲಿಸಿವೆ. ಅಂದರೆ ಹಣದ ಕಣ್ಣಿನಿಂದ ನೋಡಿದರೆ ಇಡೀ ಆಲದ ಮರದಲ್ಲಿ ಕಡಿಯಲು ಯೋಗ್ಯವಾದದ್ದು ಬಿಳಲೊಂದೇ. ಮರದ ಬದುಕಿನ ಕಡೆಯಿಂದ ನೋಡಿದರೆ ಮುಟ್ಟಬಾರದ್ದೂ ಅದೇ.

ಆಲದ ಕೊಂಬೆ ಅಡ್ಡಡ್ಡ ಬೆಳೆಯುತ್ತದೆ. ಹೆಚ್ಚಿನ ಮರಗಳಲ್ಲಿ ಅಡ್ಡ ಬೆಳೆಯುವ ಕೊಂಬೆಗೆ ಒಂದು ಮಿತಿ ಇದೆ, ತನ್ನ ಭಾರವನ್ನು ಕಾಂಡದ ಮೇಲೆ ಹೊರಿಸಿಕೊಂಡು ಅದು ಎಷ್ಟು ದೂರ ಹೋಗಲಾದೀತು? ಆಲ ಈ ಮಿತಿಯನ್ನು ದಾಟಿದ್ದು ಬಿಳಲಿನಿಂದ. ಕೊಂಬೆಯಿಂದ ನೂಲಿನಷ್ಟು ಸಣ್ಣ ಬೇರುಗಳು ಗೊಂಚಲಾಗಿ ಇಳಿಯುತ್ತವೆ. ಗಾಳಿಯಲ್ಲಿ ತೂಗುವಷ್ಟು ಕಾಲ ಅವು ಸಣ್ಣವಾಗಿಯೇ ಇರುತ್ತವೆ, ಬಹಳಷ್ಟು ಒಣಗಿಯೂ ಹೋಗುತ್ತವೆ. ಒಂದು ಎಳೆ ನೆಲ ಮುಟ್ಟಿ ಮಣ್ಣಿಗಿಳಿಯಿತೆಂದರೆ ಅದರ ಸ್ವರೂಪವೇ ಬದಲಾಗುತ್ತದೆ. ಬಿಗಿದು ನೆಟ್ಟಗಾಗುತ್ತದೆ, ದಪ್ಪವಾಗುತ್ತದೆ, ಕೆಲವು ವರ್ಷಗಳಲ್ಲಿ ಕಂಬವಾಗಿ ಕೊಂಬೆಯ ಭಾರವನ್ನು ಹೊರುತ್ತದೆ. ಜೊತೆಗೆ ಆ ಕೊಂಬೆಗೆ ನೀರನ್ನೂ ಅದೇ ಒದಗಿಸುತ್ತದೆ. ಕೊಂಬೆ ಅಲ್ಲಿಂದ ಇನ್ನಷ್ಟು ಮುಂದಕ್ಕೆ ಹೋಗಿ ಮತ್ತೊಂದು ಬಿಳಲು ಇಳಿಸುತ್ತದೆ.

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಹೋಗಿ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸುಮಾರು 3 ಎಕರೆ ಹರಡಿರುವ ಆ ಮರದ ಮೂಲ ಕಾಂಡ ಈಗ ಇಲ್ಲ. 2000ದ ಹೊತ್ತಿಗೆ ಅದು ರೋಗ ತಗಲಿ ಸತ್ತುಹೋಯಿತು. ನಡುವೆ ಖಾಲಿ ಜಾಗವಿದೆ, ಸುತ್ತಲೂ ಮರ ಬದುಕಿದೆ. ಅಲ್ಲಿಯೂ ಮರದಡಿ ಮುನೇಶ್ವರನ ಗುಡಿ ಇದೆ. ಕೋಲ್ಕತ್ತದ ಬಳಿ ಹೌರಾದ ಸಸ್ಯೋದ್ಯಾನದ ಪ್ರಸಿದ್ಧ ಆಲದ್ದೂ ಇದೇ ಕಥೆ. ಹತ್ತೊಂಬತ್ತನೆಯ ಶತಮಾನದ ಚಂಡಮಾರುತಗಳಲ್ಲಿ ಗಾಯಗೊಂಡ ಮೂಲ ಕಾಂಡಕ್ಕೆ ಶಿಲೀಂಧ್ರ ತಗಲಿ, 1925ರಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಮರ ಇನ್ನೂ ಹಬ್ಬುತ್ತಲೇ ಇದೆ. ಕಾಂಡ ಸತ್ತರೂ ಆಲ ಬದುಕುತ್ತದೆ, ಆದರೆ ಬಿಳಲುಗಳನ್ನು ಕಡಿದರೆ ಉದ್ದನೆಯ ಕೊಂಬೆಗಳು ಆಸರೆ ತಪ್ಪಿ ಒಂದೊಂದಾಗಿ ಮುರಿದುಬೀಳುತ್ತವೆ. ಕಡಿದ ವರ್ಷವೇ ಬೀಳಬೇಕೆಂದಿಲ್ಲ. ಮಳೆನೀರು ಕುಡಿದು ಎಲೆ ಭಾರವಾದ ಒಂದು ಗಾಳಿಯ ರಾತ್ರಿ ಬೀಳಬಹುದು. ಆಗ ಜನ ಗಾಳಿಯನ್ನು ದೂರುತ್ತಾರೆ, ಕೊಡಲಿ ಯಾರಿಗೂ ನೆನಪಿರುವುದಿಲ್ಲ. ಕಾರಣ ಮತ್ತು ಪರಿಣಾಮದ ನಡುವೆ ವರ್ಷಗಳ ಅಂತರವಿರುವಾಗ ಆ ಅಂತರವನ್ನು ಮುಚ್ಚುವುದು ಮುನಿಯಪ್ಪನ ಕೆಲಸ. ಕಡಿದವನ ಕೈಗೆ ಅವನು ಅದೇ ದಿನ ಫಲವನ್ನು ಅಂಟಿಸುತ್ತಾನೆ.

ಅಂಟಿಸುವುದು ಎಂಬುದೂ ಸುಮ್ಮನೆ ಬಂದದ್ದಲ್ಲ. ಆಲದ ಹಾಲು ಎಂಥ ಅಂಟು ಎಂದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. ಹಿಂದೆ ಹಕ್ಕಿ ಹಿಡಿಯುವವರು ಇಂಥ ಹಾಲನ್ನೇ ಕಾಯಿಸಿ ಕಡ್ಡಿಗೆ ಸವರಿ ಬಲೆ ಮಾಡುತ್ತಿದ್ದರು. ಅಜ್ಜಿ ಶಿಕ್ಷೆಯನ್ನು ಆಕಾಶದಿಂದ ತರಲಿಲ್ಲ. ಮರದಲ್ಲಿ ಇರುವುದರಿಂದಲೇ ತೆಗೆದಳು, ಸ್ವಲ್ಪ ಹಿಗ್ಗಿಸಿದಳು.

ಆಲದ ಮರವನ್ನು ಕಾಯುವ ಶಕ್ತಿ ಮತ್ತು ಅದನ್ನು ಕೆಣಕಿದ ದುರಾಸೆಯ ಕಥೆ ನಮ್ಮಲ್ಲಿ ಬಹಳ ಹಳೆಯದು. ಪಾಲಿ ಭಾಷೆಯ ಜಾತಕ ಕಥೆಗಳಲ್ಲಿ ‘ಮಹಾವಾಣಿಜ ಜಾತಕ’ ಎಂಬುದೊಂದಿದೆ. ದಾರಿ ತಪ್ಪಿ ನೀರಿಲ್ಲದೆ ಸೊರಗಿದ ವರ್ತಕರಿಗೆ ಕಾಡಿನಲ್ಲಿ ಒಂದು ಆಲದ ಮರ ಸಿಗುತ್ತದೆ. ಒಂದು ಕೊಂಬೆ ಕಡಿದರೆ ನೀರು ಹರಿಯುತ್ತದೆ, ಇನ್ನೊಂದನ್ನು ಕಡಿದರೆ ಊಟ, ಮತ್ತೊಂದರಿಂದ ಸಂಪತ್ತು. ಕೊಂಬೆಯೇ ಇಷ್ಟು ಕೊಟ್ಟರೆ ಬುಡ ಎಷ್ಟು ಕೊಟ್ಟೀತು ಎಂದು ಅವರು ಬುಡಕ್ಕೇ ಕೊಡಲಿ ಹಾಕಲು ಹೊರಡುತ್ತಾರೆ. ಅವರ ಮುಖಂಡ ಒಬ್ಬ ಬೇಡವೆನ್ನುತ್ತಾನೆ, ಕೇಳುವುದಿಲ್ಲ. ಆ ಮರ ನಾಗರಾಜನದು. ಅವನ ಸೈನ್ಯ ಬಂದು ಮುಖಂಡನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೊಲ್ಲುತ್ತದೆ.

ಅಜ್ಜಿಯ ಕಥೆಗೂ ಇದಕ್ಕೂ ಹಂದರ ಒಂದೇ: ಮರ ಕೊಡುತ್ತದೆ, ಒಂದು ಗೆರೆಯವರೆಗೆ ತೆಗೆದುಕೊಳ್ಳಬಹುದು, ಗೆರೆ ದಾಟಿದವನಿಗೆ ಕಾವಲಿನ ಶಕ್ತಿ ಎದುರಾಗುತ್ತದೆ, ಬುದ್ಧಿ ಹೇಳಿದವರು ಉಳಿಯುತ್ತಾರೆ. ಕೊನೆ ಮಾತ್ರ ಬೇರೆ. ನಮ್ಮ ಕಡೆಯೂ ಸಾವ್ಕಾರ ರಕ್ತ ಕಾರಿ ಸತ್ತ ಎಂದು ಮುಗಿಸುವವರು ಇದ್ದಾರೆ. ನನ್ನಜ್ಜಿಗೆ ಆ ಮುಕ್ತಾಯ ಸೇರುತ್ತಿರಲಿಲ್ಲ. “ಸತ್ತೋದ್ರೆ ನೀರು ಹೊರೋರ್ ಯಾರು?” ಎನ್ನುತ್ತಿದ್ದರು. ನನಗೆ ಈ ಕಥೆಯಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಇದು. ತಪ್ಪು ಮಾಡಿದವನನ್ನು ಕಳೆದುಕೊಂಡರೆ ಮರಕ್ಕೇನೂ ಲಾಭವಿಲ್ಲ. ಅವನಿಂದ ಮರ ಎಷ್ಟು ಕಳೆದುಕೊಂಡಿತೋ ಅಷ್ಟನ್ನು ಅವನೇ ಬೆಳೆಸಬೇಕು, ಅದಕ್ಕೆ ಮರಕ್ಕೆ ಬೇಕಾದಷ್ಟು ಕಾಲವನ್ನೇ ಕೊಡಬೇಕು, ಅವಸರಕ್ಕೆ ಅಲ್ಲಿ ಬೆಲೆಯಿಲ್ಲ.

ಬಿದಿರು ಸೀಳಿ ಮಣ್ಣು ತುಂಬಿ ಬಿಳಲಿಗೆ ತೊಡಿಸು ಎಂಬ ಮುದುಕಿಯ ಸಲಹೆ ಕಲ್ಪನೆಯಲ್ಲ. ಹಳೆಯ ಆಲಗಳನ್ನು ನೋಡಿಕೊಳ್ಳುವವರು ಇಂದಿಗೂ ಮಾಡುವುದು ಅದನ್ನೇ. ಎಳೆ ಬಿಳಲಿಗೆ ಎರಡು ಶತ್ರುಗಳು, ಒಣಗುವುದು ಮತ್ತು ದನ, ಆಡು, ಜನರ ಕೈಗೆ ಸಿಗುವುದು. ಮಣ್ಣು, ಗೊಬ್ಬರ ತುಂಬಿದ ಕೊಳವೆಯೊಳಗೆ ಬಿಳಲಿನ ತುದಿಯನ್ನು ಇಳಿಬಿಟ್ಟು ಒದ್ದೆಯಾಗಿಟ್ಟರೆ ಅದು ನೆಲ ಇಲ್ಲೇ ಇದೆ ಎಂಬಂತೆ ಬೇರು ಬಿಡುತ್ತಾ ಕೆಳಗಿಳಿಯುತ್ತದೆ, ಜೊತೆಗೆ ಬಾಯಿ ಹಾಕುವವರಿಂದಲೂ ಪಾರಾಗುತ್ತದೆ. ತೆಲಂಗಾಣದ ಮೆಹಬೂಬ್‌ನಗರದ ಪಿಲ್ಲಲಮರ್ರಿ ಎಂಬ ದೊಡ್ಡ ಆಲದ ಕೊಂಬೆ ಗೆದ್ದಲು ಹಿಡಿದು ಮುರಿದುಬಿದ್ದ ಮೇಲೆ, 2018ರಲ್ಲಿ ಅದಕ್ಕೆ ಆಸ್ಪತ್ರೆಯ ರೋಗಿಗೆ ಕೊಡುವಂತೆ ಬಾಟಲಿಗಳಿಂದ ಹನಿಹನಿಯಾಗಿ ಔಷಧಿ ಇಳಿಸಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಜನರ ನೆನಪಿನಲ್ಲಿ ಉಳಿದದ್ದು ಆ ಬಾಟಲಿಗಳು. ಆದರೆ ಅದರ ಜೊತೆಗೇ ನಡೆದ ಇನ್ನೆರಡು ಕೆಲಸ ಹೆಚ್ಚು ಮುಖ್ಯ: ಭಾರದ ಕೊಂಬೆಗಳಿಗೆ ಕಂಬದ ಆಸರೆ ಕೊಟ್ಟರು, ಬಿಳಲುಗಳನ್ನು ಕೊಳವೆಯೊಳಗೆ ನೆಲಕ್ಕಿಳಿಸಿದರು.

ನೀರು ಹೊರುವ ಮಾತು ಬಂದಾಗ ಸಾಲುಮರದ ತಿಮ್ಮಕ್ಕ ನೆನಪಾಗದೆ ಇರುವುದಿಲ್ಲ. ಮಾಗಡಿ ತಾಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಅವರು ಮತ್ತು ಅವರ ಗಂಡ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು 385. ಮೊದಲ ವರ್ಷ 10 ಸಸಿ, ಮುಂದಿನ ವರ್ಷ 15, ಆಮೇಲೆ 20. ಕೂಲಿ ಮುಗಿಸಿ ಬಂದು ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಕಥೆಯ ಸಾವ್ಕಾರ ದಂಡವಾಗಿ ಮಾಡಿದ ಕೆಲಸವನ್ನು ಆ ದಂಪತಿ ಪ್ರೀತಿಯಿಂದ ಮಾಡಿದರು. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರ ಮರಗಳು ರಸ್ತೆ ಅಗಲೀಕರಣಕ್ಕೆ ಸಿಕ್ಕಿಕೊಂಡಾಗ ಅವರು ಸರ್ಕಾರಕ್ಕೆ ಮನವಿ ಮಾಡಿಕೊಂಡು ಅವನ್ನು ಉಳಿಸಿಕೊಂಡರು.

ಇಲ್ಲೇ ಮುನಿಯಪ್ಪನ ಶಕ್ತಿಯ ಎಲ್ಲೆಯೂ ಕಾಣುತ್ತದೆ. ಅವನ ಭಯ ಊರೊಳಗಿನವರಿಗೆ. ಕಥೆಯ ಆಳುಗಳು ಹಾಲು ಕಂಡು ಕೊಡಲಿ ಕೆಳಗಿಟ್ಟದ್ದು ಅವರೂ ಈ ಕಥೆ ಕೇಳಿ ಬೆಳೆದವರಾದ್ದರಿಂದ. ಬೇರೆ ಊರಿನಿಂದ ಯಂತ್ರದ ಗರಗಸ ಹಿಡಿದು ಬಂದವನಿಗೆ ಅದು ಬರಿಯ ಮರ. ಹಾಗೆ ಬಂದಾಗ ಊರವರು ಮಾಡುವುದು ಒಂದು ಸಂಧಾನ. ದೇವರನ್ನು ಕಲಶಕ್ಕೆ ಇಳಿಸಿಕೊಂಡು ಬೇರೆ ಜಾಗಕ್ಕೆ ಒಯ್ದು, ಆಮೇಲೆ ಮರ ಕಡಿಯಲು ಬಿಡುತ್ತಾರೆ. ಇದೂ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಮೂರ್ತಿ ಮಾಡಲು ಮರ ಕಡಿಯುವ ಮುನ್ನ ಅದರಲ್ಲಿ ವಾಸಿಸುವ ಭೂತಗಳಿಗೆ ಬಲಿ ಕೊಟ್ಟು, ಬೇರೆಡೆಗೆ ಹೋಗಿ ನೆಲೆಸಿ ಎಂದು ಬೇಡಿಕೊಳ್ಳುವ ವಿಧಿ ಇದೆ. ಆ ವಿಧಿ ಒಂದು ಮರಕ್ಕೆ ಒಂದು ರಾತ್ರಿಯ ತಡೆಯನ್ನಾದರೂ ತರುತ್ತಿತ್ತು. ರಸ್ತೆಯುದ್ದದ ಮರಗಳನ್ನು ಒಟ್ಟಿಗೆ ಉರುಳಿಸುವಾಗ ಅದು ಏನನ್ನೂ ಕಾಯಲಾರದು. ಅಲ್ಲಿ ಬೇಕಾಗುವುದು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯುವ ಮುನ್ನ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೇಳದೆ ಮುಟ್ಟಬೇಡ ಎಂಬ ಮುದುಕಿಯ ರೀತಿಯೇ ಅದರಲ್ಲೂ ಇದೆ.

ನಂಬಿಕೆಯನ್ನು ಸಮರ್ಥಿಸಲು ಕೆಲವರು ಹೇಳುವ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆಲದ ಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದಕ್ಕೇ ಹಿರಿಯರು ಮುನಿಯಿದ್ದಾನೆ, ಕೆಳಗೆ ಮಲಗಬೇಡಿ ಎಂದರು ಎಂಬ ವಿವರಣೆ ಶಾಲಾ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಎಲ್ಲ ಮರಗಳೂ ರಾತ್ರಿ ಅದನ್ನು ಬಿಡುತ್ತವೆ ನಿಜ. ಆದರೆ ಬಯಲಿನಲ್ಲಿ ನಿಂತ ಮರದ ಉಸಿರು ಗಾಳಿಯಲ್ಲಿ ಬೆರೆತುಹೋಗುತ್ತದೆ, ಮಲಗಿದವನಿಗೆ ಅದರಿಂದ ಏನೂ ಆಗದು. ರಾತ್ರಿ ಆಲದ ಕೆಳಗೆ ಭಯ ಹುಟ್ಟಿಸುವವು ಬೇರೆಯೇ ಇವೆ. ಹಣ್ಣಾದ ದಿನಗಳಲ್ಲಿ ಕತ್ತಲಾಗುತ್ತಲೇ ಬಾವಲಿಗಳು ಗುಂಪಾಗಿ ಬರುತ್ತವೆ. ಕಿತ್ತಾಟ, ರೆಕ್ಕೆ ಬಡಿತ, ಮೇಲಿನಿಂದ ಉದುರುವ ಅರೆತಿಂದ ಹಣ್ಣು ಕತ್ತಲಲ್ಲಿ ಒಬ್ಬರೇ ನಿಂತವರ ಮೈ ನಡುಗಿಸುವಂಥವೇ. ಮುನಿಯಪ್ಪ ಬಿಳಲು ಹಿಡಿದು ಇಳಿಯುವ ಸದ್ದು ಎಂದು ಅಜ್ಜಿ ಹೇಳಿದ್ದು ಬಹುಶಃ ಇದನ್ನೇ. ಹೊಂದದ ವಿಜ್ಞಾನವನ್ನು ಕಥೆಗೆ ಹೊದಿಸುವ ಅಗತ್ಯವಿಲ್ಲ. ಬಿಳಲಿನ ವಿಷಯದಲ್ಲಿ ಕಥೆ ಹೇಳಿದ ಸತ್ಯ ಬೇಕಾದಷ್ಟಿದೆ.

ನನ್ನನ್ನು ಇತ್ತೀಚೆಗೆ ಹೆಚ್ಚು ಕಾಡುತ್ತಿರುವುದು ಮುನಿಯಪ್ಪನ ಭಕ್ತರಿಂದಲೇ ಮರಕ್ಕಾಗುತ್ತಿರುವ ಹಾನಿ. ಊರಿಗೆ ಹಣ ಬಂದಂತೆ ಬುಡದ ಕಲ್ಲುಗಳಿಗೆ ಗುಡಿ, ಗುಡಿಗೆ ತಗಡಿನ ಮಂಟಪ, ಸುತ್ತ ಸಿಮೆಂಟಿನ ಕಟ್ಟೆ, ಕಟ್ಟೆಗೆ ಟೈಲ್ಸ್. ಮಂಟಪದ ತಗಡಿಗೆ ತಾಗುವ ಬಿಳಲುಗಳನ್ನು ಮೊದಲು ಕತ್ತರಿಸುತ್ತಾರೆ. ಉಳಿದವು ಇಳಿದು ಬಂದರೂ ಕೆಳಗೆ ಸಿಗುವುದು ಸಿಮೆಂಟು. ದುರಾಸೆಯಿಂದ ಅಲ್ಲ, ಭಕ್ತಿಯಿಂದಲೇ ಆದರೂ ಮರಕ್ಕೆ ಆಗುವುದು ಸಾವ್ಕಾರ ಮಾಡಿದ್ದೇ. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಕಟ್ಟೆಯ ಅಂಚಿನಲ್ಲಿ ನಿಂತು ಮೇಲೆ ನೋಡಿದರೆ ಬಿಳಲುಗಳೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದಂತೆ ನಿಂತಿದ್ದರೆ ಅದು ಕೈ ಅಥವಾ ದನದ ಬಾಯಿ ಎಟುಕುವ ಎತ್ತರ. ತುದಿ ಕಪ್ಪಾಗಿ ಮುರುಟಿದ್ದರೆ ಒಣಗಿದೆ, ಬಿಳಿ ಅಥವಾ ತಿಳಿಹಳದಿಯಾಗಿ ಒದ್ದೆಯಿದ್ದರೆ ಇನ್ನೂ ಬೆಳೆಯುತ್ತಿದೆ. ಉದ್ದಕ್ಕೆ ಚಾಚಿದ ಕೊಂಬೆಯ ಕೆಳಗೆ ನೆಲಕ್ಕೂರಿದ ಬಿಳಲು ಒಂದೂ ಇಲ್ಲದಿದ್ದರೆ ಆ ಕೊಂಬೆಗೆ ಅಪಾಯವಿದೆ.

ಸರಿಪಡಿಸುವುದಕ್ಕೂ ದೊಡ್ಡ ಖರ್ಚಿಲ್ಲ. ಕಟ್ಟೆ ಒಡೆಯಬೇಕೆಂದೂ ಇಲ್ಲ. ಉದ್ದ ಕೊಂಬೆಗಳ ನೇರಕ್ಕೆ, ಬಿಳಲು ಇಳಿಯುತ್ತಿರುವ ಕಡೆ ಒಂದೊಂದು ಮೊಳ ಅಗಲದಷ್ಟು ಸಿಮೆಂಟು ತೆಗೆದು ಮಣ್ಣು ಬಿಟ್ಟರೆ ಸಾಕು. ಬಲವಾಗಿರುವ ಮೂರ್ನಾಲ್ಕು ಬಿಳಲುಗಳನ್ನು ಆರಿಸಿ ಸೀಳಿದ ಬಿದಿರನ್ನೋ ಪ್ಲಾಸ್ಟಿಕ್ ಪೈಪನ್ನೋ ತೊಡಿಸಿ, ಮಣ್ಣು ಗೊಬ್ಬರ ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಬೇಕು. ದೀಪ ಹಚ್ಚುವ ಮತ್ತು ಕಸ ಸುಡುವ ಜಾಗವನ್ನು ಬಿಳಲಿನಿಂದ ದೂರ ಇಡಬೇಕು. ಬಿಳಲು ನೆಲ ಸೇರಿ ಬಿಗಿದ ಮೇಲೂ ಕೆಲವು ವರ್ಷ ಪೈಪನ್ನು ಕಾವಲಿಗೆ ಬಿಡಬಹುದು, ಆದರೆ ಅದು ದಪ್ಪವಾಗತೊಡಗಿದಾಗ ಬಿಚ್ಚಿ ತೆಗೆಯುವುದನ್ನು ಮರೆಯಬಾರದು. ಇಲ್ಲದಿದ್ದರೆ ಪೈಪೇ ಅದರ ಕತ್ತು ಹಿಸುಕುತ್ತದೆ. ವರ್ಷದ ಎಡೆ ಇಡುವ ದಿನ ಊರವರೆಲ್ಲ ಮರದ ಕೆಳಗೆ ಸೇರಿಯೇ ಸೇರುತ್ತಾರೆ. ಬಿಳಲುಗಳನ್ನು ಎಣಿಸಿ ನೋಡುವ ಕೆಲಸವನ್ನೂ ಅದೇ ದಿನಕ್ಕೆ ಇಟ್ಟುಕೊಳ್ಳಬಹುದು.